ಮ್ಯಾನೇಜರ್ ಜತೆಗಿನ ಮೀಟಿಂಗನ್ನು ಗುಟ್ಟಾಗಿ ರೆಕಾರ್ಡ್ ಮಾಡಬಹುದೇ? ಮಾಡಿದರೆ ಸಾಕ್ಷ್ಯವಾಗಿ ನಿಲ್ಲುತ್ತದೆಯೇ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರ ಪರಿಸ್ಥಿತಿಯೂ ಬಹುತೇಕ ಒಂದೇ. ಮಧ್ಯಾಹ್ನ ಎಚ್‌ಆರ್‌ನಿಂದ ಮೀಟಿಂಗಿಗೆ ಕರೆ ಬರುತ್ತದೆ, ವಿಷಯ ಏನೆಂದು ಬರೆದಿರುವುದಿಲ್ಲ. ಒಳಗೆ ಹೋದರೆ ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರೂ ಕೂತಿರುತ್ತಾರೆ. ‘ನೀವಾಗಿಯೇ ರಾಜೀನಾಮೆ ಕೊಟ್ಟುಬಿಡಿ, ಇಲ್ಲದಿದ್ದರೆ ಟರ್ಮಿನೇಟ್ ಮಾಡಬೇಕಾಗುತ್ತದೆ, ಆಮೇಲೆ ಎಕ್ಸ್‌ಪೀರಿಯೆನ್ಸ್ ಲೆಟರ್ ಕಷ್ಟ’ ಎಂದು ಬಾಯಲ್ಲಿ ಹೇಳುತ್ತಾರೆ, ಕಾಗದದಲ್ಲಿ ಒಂದಕ್ಷರವೂ ಇರುವುದಿಲ್ಲ. ಮರುದಿನ ಕಂಪನಿಯ ಕಡತದಲ್ಲಿ ಉಳಿಯುವುದು ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ’ ಎಂಬ ನಿಮ್ಮದೇ ಇಮೇಲ್. ಆ ಕೋಣೆಯಲ್ಲಿ ಏನು ನಡೆಯಿತು ಎನ್ನುವುದಕ್ಕೆ ರೆಕಾರ್ಡಿಂಗ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಈ ಲೇಖನ ಅಂಥ ಮೀಟಿಂಗನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಭಾರತದ ಕಾನೂನಿನ ಚೌಕಟ್ಟಿನಲ್ಲಿ ನಡೆಯುತ್ತದೆ. ಬೇರೆ ದೇಶದಲ್ಲಿ ಕೆಲಸ ಮಾಡುವವರು ಇದನ್ನು ಹಾಗೆಯೇ ಅನ್ವಯಿಸಿಕೊಳ್ಳಬೇಡಿ. ಮಾತಾಡುತ್ತಿರುವ ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿದರೆ ಅದೇ ಅಪರಾಧವಾಗುವ ಕಡೆಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾ, ಯುರೋಪಿನ ಜರ್ಮನಿ ಅಂಥವು.

ಮೊದಲು ಚಿಕ್ಕ ಉತ್ತರ

ನೀವು ಸ್ವತಃ ಭಾಗವಹಿಸಿರುವ ಮಾತುಕತೆಯನ್ನು ಎದುರಿನವರಿಗೆ ಹೇಳದೆ ರೆಕಾರ್ಡ್ ಮಾಡುವುದೇ ಅಪರಾಧ ಎನ್ನುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ಗುಟ್ಟಾಗಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಅದನ್ನು ಬದಿಗಿಡುವುದೂ ಇಲ್ಲ. 1973ರ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸಾಕ್ಷ್ಯ ಹೇಗೆ ಸಿಕ್ಕಿತು ಎನ್ನುವುದಕ್ಕಿಂತ ಅದು ವಿಷಯಕ್ಕೆ ಸಂಬಂಧಪಟ್ಟಿದೆಯೇ, ನಿಜವಾದದ್ದೇ ಎನ್ನುವುದು ಮುಖ್ಯ ಎಂಬ ನಿಲುವು ಅಲ್ಲಿಂದ ಗಟ್ಟಿಯಾಯಿತು. 2017ರಲ್ಲಿ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ, ‘ನಮಗೆ ಹೇಳದೆ ರೆಕಾರ್ಡ್ ಮಾಡಿದ್ದಾರೆ’ ಎಂಬ ಆಕ್ಷೇಪವನ್ನು ಎದುರು ಪಕ್ಷದ ವಕೀಲರು ಎತ್ತಿಯೇ ಎತ್ತುತ್ತಾರೆ. ಆದರೂ 2025ರ ಜುಲೈನಲ್ಲಿ ವಿಭೋರ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಗಾತಿಗೆ ಗೊತ್ತಿಲ್ಲದೆ ರೆಕಾರ್ಡ್ ಮಾಡಿದ ಫೋನ್ ಸಂಭಾಷಣೆಯನ್ನು ವಿಚ್ಛೇದನದ ದಾವೆಯಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಅದು ಗಂಡ ಹೆಂಡಿರ ನಡುವಿನ ದಾವೆ, ಕಚೇರಿಯದಲ್ಲ. ಹಾಗಾಗಿ ಅದನ್ನು ನೇರ ಆಧಾರ ಎಂದುಕೊಳ್ಳಬೇಡಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಮಾತ್ರ ಅದರಿಂದ ತಿಳಿಯುತ್ತದೆ.

ಅಂದಮೇಲೆ ತೊಡಕು ಎಲ್ಲಿ? ಎರಡು ಕಡೆ. ಒಂದು, ಕಾನೂನು ತಡೆಯದಿದ್ದರೂ ಕಂಪನಿಯ ನಿಯಮ ತಡೆಯಬಹುದು. ಇನ್ನೊಂದು, ಹೆಚ್ಚಿನ ರೆಕಾರ್ಡಿಂಗುಗಳು ಬಿದ್ದುಹೋಗುವುದು ಗುಟ್ಟಾಗಿ ಮಾಡಿದ್ದಕ್ಕಲ್ಲ, ಮಾಡಿದ ಮೇಲೆ ಅವನ್ನು ನೋಡಿಕೊಂಡ ರೀತಿಗೆ. ಕತ್ತರಿಸಿದ್ದು, ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಮೂಲವನ್ನು ಅಳಿಸಿದ್ದು, ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಹಾಕಿದ್ದು. ಮುಂದಿನ ಹಂತಗಳಲ್ಲಿ ಇದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹಂತ 1: ನೀವು ಆ ಮಾತುಕತೆಯಲ್ಲಿ ಇದ್ದೀರಾ?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಇದು. ಮೀಟಿಂಗಿನಲ್ಲಿ ನೀವು ಕೂತಿದ್ದೀರಿ, ಮಾತು ನಿಮ್ಮೊಂದಿಗೇ ನಡೆಯುತ್ತಿದೆ ಎಂದರೆ, ನಿಮ್ಮ ಕಿವಿ ಕೇಳಿದ್ದನ್ನೇ ಫೋನೂ ಕೇಳುತ್ತಿದೆ. ಆದರೆ ಕಾನ್ಫರೆನ್ಸ್ ಕೋಣೆಯಲ್ಲಿ ಫೋನ್ ‘ಮರೆತು’ ಹೊರಗೆ ಬಂದು, ನೀವಿಲ್ಲದಾಗ ಮ್ಯಾನೇಜರ್ ಮತ್ತು ಎಚ್‌ಆರ್ ಆಡಿದ್ದನ್ನು ಹಿಡಿದರೆ ಅದು ಕದ್ದುಕೇಳುವುದು. ಇನ್ನೊಬ್ಬರ ಫೋನ್ ಕರೆಯನ್ನೋ ಆನ್‌ಲೈನ್ ಮೀಟಿಂಗನ್ನೋ ನಡುವೆ ನುಸುಳಿ ಹಿಡಿಯುವುದಂತೂ ಇನ್ನೂ ಗಂಭೀರ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನಧಿಕೃತವಾಗಿ ಸಂದೇಶಗಳನ್ನು ಅಡ್ಡಹಿಡಿಯುವುದಕ್ಕೆ ಮೂರು ವರ್ಷದವರೆಗೆ ಜೈಲುಶಿಕ್ಷೆ ಇದೆ. ಸಹೋದ್ಯೋಗಿಯ ಮೀಟಿಂಗನ್ನು ಅವರ ಪರವಾಗಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದು ಬಾಗಿಲಾಚೆ ನಿಲ್ಲುವ ಉಪಕಾರವೂ ಬೇಡ. ಅವರ ಮೀಟಿಂಗನ್ನು ಅವರೇ ರೆಕಾರ್ಡ್ ಮಾಡಿಕೊಳ್ಳಲಿ.

ಕೆಲವು ಮೀಟಿಂಗುಗಳಲ್ಲಿ ನೀವು ಇದ್ದರೂ ರೆಕಾರ್ಡ್ ಮಾಡಬಾರದು. ಲೈಂಗಿಕ ಕಿರುಕುಳದ ದೂರಿನ ವಿಚಾರಣೆ ನಡೆಸುವ ಆಂತರಿಕ ಸಮಿತಿಯ ಮುಂದೆ ನಡೆಯುವುದು ಅಂಥದ್ದು. 2013ರ ಕಾಯ್ದೆಯ 16ನೇ ಕಲಂ ದೂರಿನ ವಿವರವನ್ನೂ ವಿಚಾರಣೆಯ ನಡಾವಳಿಯನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಕಿರುಕುಳ ನಡೆದಾಗಿನ ರೆಕಾರ್ಡಿಂಗನ್ನು ಸಮಿತಿಗೆ ಸಾಕ್ಷ್ಯವಾಗಿ ಕೊಡಬಹುದು, ಕೊಡಲೇಬೇಕು. ಆದರೆ ಸಮಿತಿಯ ಕಲಾಪವನ್ನೇ ಜೇಬಿನಲ್ಲಿ ತುಂಬಿಕೊಂಡು ಬರುವುದು ಬೇರೆ ವಿಷಯ. ಅದು ಯಾರದೋ ಕೈ ಸೇರಿ ಹೊರಬಿದ್ದರೆ ಉತ್ತರ ಹೇಳಬೇಕಾದವರು ನೀವು.

ಹಂತ 2: ಕಂಪನಿಯ ಕಾಗದಪತ್ರ ಓದಿ

ಮೂರು ಕಡೆ ಹುಡುಕಿ: ನೇಮಕಾತಿ ಪತ್ರದ ಗೋಪ್ಯತೆಯ ಷರತ್ತು, ಉದ್ಯೋಗಿಗಳ ಕೈಪಿಡಿ, ಮತ್ತು ಐಟಿ ಬಳಕೆಯ ನಿಯಮಾವಳಿ. ‘ಪೂರ್ವಾನುಮತಿ ಇಲ್ಲದೆ ಆಡಿಯೊ, ವಿಡಿಯೊ ರೆಕಾರ್ಡಿಂಗ್ ನಿಷೇಧ’ ಎಂಬ ಸಾಲು ಸಾಮಾನ್ಯವಾಗಿ ಮೂರನೆಯದರಲ್ಲಿ ಅಡಗಿರುತ್ತದೆ. ಸೇರುವ ದಿನ ‘ಒಪ್ಪಿದ್ದೇನೆ’ ಎಂದು ಟಿಕ್ ಹಾಕಿದ ದಾಖಲೆ ಅದು.

ಅಂಥ ಸಾಲು ಇದ್ದರೆ ರೆಕಾರ್ಡಿಂಗ್ ನ್ಯಾಯಾಲಯದಲ್ಲಿ ತಾನಾಗಿ ಸತ್ತುಹೋಗುವುದಿಲ್ಲ. ಆದರೆ ನಿಯಮ ಮುರಿದದ್ದನ್ನು ದುರ್ನಡತೆ ಎಂದು ತೋರಿಸಿ ಕಂಪನಿ ನಿಮ್ಮ ಮೇಲೆ ಶಿಸ್ತುಕ್ರಮ ಶುರುಮಾಡಬಹುದು. ಇಲ್ಲಿಯವರೆಗೆ ನಿಮ್ಮನ್ನು ತೆಗೆಯಲು ಸರಿಯಾದ ಕಾರಣವಿಲ್ಲದೆ ತಡಕಾಡುತ್ತಿದ್ದವರಿಗೆ ನೀವೇ ಒಂದನ್ನು ಕೈಗಿಟ್ಟಂತೆ.

ನಮ್ಮ ಅಭಿಪ್ರಾಯ ಇಷ್ಟು. ಕೆಲಸ ಹೇಗೂ ಹೋಗುತ್ತಿದೆ, ಬಾಯಿಮಾತಿನ ಬೆದರಿಕೆಗೆ ಬೇರೆ ಸಾಕ್ಷಿಯೇ ಇಲ್ಲ ಎನ್ನುವಾಗ ಈ ಅಪಾಯ ತೆಗೆದುಕೊಳ್ಳಬಹುದು. ಇದೇ ಕೆಲಸದಲ್ಲಿ ಮುಂದುವರಿಯಬೇಕು, ವಿಷಯ ಅಪ್ರೈಸಲ್‌ನ ರೇಟಿಂಗ್ ಅಥವಾ ಮ್ಯಾನೇಜರ್ ಸಿಡುಕು ಮಾತು ಎನ್ನುವಷ್ಟರದ್ದು ಎಂದಾದರೆ ಬೇಡ. ಅದಕ್ಕೆ ಹಂತ 5ರ ಇಮೇಲ್ ಸಾಕು. ಫೋನ್ ಒಳಗೆ ತರುವುದನ್ನೇ ನಿಷೇಧಿಸಿರುವ ಜಾಗಗಳಲ್ಲಿ, ಅಂದರೆ ರಕ್ಷಣಾ ಉತ್ಪಾದನೆ, ಗ್ರಾಹಕರ ಬ್ಯಾಂಕ್ ವಿವರ ನಿರ್ವಹಿಸುವ ಅಂತಸ್ತು, ಸಂಶೋಧನಾ ಪ್ರಯೋಗಾಲಯ ಇಂಥ ಕಡೆ, ಯಾವ ಕಾರಣಕ್ಕೂ ಬೇಡ. ಅಲ್ಲಿ ಪ್ರಶ್ನೆ ನಿಮ್ಮ ರಾಜೀನಾಮೆಯದಾಗಿ ಉಳಿಯುವುದಿಲ್ಲ.

ಹಂತ 3: ರೆಕಾರ್ಡ್ ಮಾಡುವಾಗ

ನಿಮ್ಮ ಸ್ವಂತ ಫೋನ್ ಬಳಸಿ. ಕಂಪನಿಯ ಲ್ಯಾಪ್‌ಟಾಪ್, ಕಂಪನಿ ಕೊಟ್ಟ ಫೋನ್ ಮುಟ್ಟಬೇಡಿ. ಮೀಟಿಂಗ್ ಮುಗಿದ ಅರ್ಧ ಗಂಟೆಗೆ ನಿಮ್ಮ ಲಾಗಿನ್ ಮುಚ್ಚಿ, ಸಾಧನ ವಾಪಸ್ ಕೇಳುವುದು ಇಂಥ ಸಂದರ್ಭದಲ್ಲಿ ಮಾಮೂಲು. ಆಗ ಮೂಲ ಫೈಲ್ ಅವರ ಕೈಯಲ್ಲಿರುತ್ತದೆ. ಆನ್‌ಲೈನ್ ಮೀಟಿಂಗಾದರೆ ಝೂಮ್, ಟೀಮ್ಸ್‌ನ ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಎಲ್ಲರಿಗೂ ಸೂಚನೆ ಹೋಗುತ್ತದೆ ಎಂಬುದು ನೆನಪಿರಲಿ.

ಹೊಸ ಆ್ಯಪ್ ಹುಡುಕಬೇಡಿ, ಫೋನಿನೊಂದಿಗೇ ಬಂದಿರುವ ವಾಯ್ಸ್ ರೆಕಾರ್ಡರ್ ಸಾಕು. ಶಬ್ದವನ್ನು ‘ಶುದ್ಧ’ಗೊಳಿಸುವ, ಮೌನವನ್ನು ತಾನಾಗಿ ಕತ್ತರಿಸುವ ಆಯ್ಕೆಗಳಿದ್ದರೆ ಆಫ್ ಮಾಡಿ. ಮೌನ ಕತ್ತರಿಸಿದ ರೆಕಾರ್ಡಿಂಗ್ ಕೇಳುವವರಿಗೆ ಮಾತನ್ನೇ ಕತ್ತರಿಸಿದಂತೆ ಕೇಳಿಸುತ್ತದೆ. ಜಾಗದ ಚಿಂತೆ ಬೇಡ. ಸಾಮಾನ್ಯ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 1 ಎಂಬಿ, ಒಂದು ಗಂಟೆಗೆ 60 ಎಂಬಿ ಒಳಗೇ ಮುಗಿಯುತ್ತದೆ. ಒಳಗೆ ಹೋಗುವ ಮೊದಲು ಏರೋಪ್ಲೇನ್ ಮೋಡ್ ಹಾಕಿ. ನಡುವೆ ಕರೆ ಬಂದರೆ ಹಲವು ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ, ಮತ್ತೆ ಶುರುಮಾಡಿದರೆ ಎರಡು ತುಂಡಾಗುತ್ತದೆ. ತುಂಡಾದ ರೆಕಾರ್ಡಿಂಗ್ ಕಂಡರೆ ಎದುರಿನ ವಕೀಲರ ಮೊದಲ ಪ್ರಶ್ನೆ, ‘ನಡುವಿನದ್ದು ಎಲ್ಲಿ?’

ಪ್ಯಾಂಟ್ ಜೇಬು ಕೆಟ್ಟ ಜಾಗ. ನೀವು ಅಲುಗಾಡಿದಾಗಲೆಲ್ಲ ಬಟ್ಟೆ ಮೈಕಿಗೆ ಉಜ್ಜಿ, ಅದರ ಕರಕರ ಶಬ್ದವೇ ಮಾತನ್ನು ನುಂಗುತ್ತದೆ. ಮೇಜಿನ ಮೇಲೆ ನೋಟ್‌ಬುಕ್ ಪಕ್ಕ, ಪರದೆ ಕೆಳಮುಖವಾಗಿ ಇಟ್ಟರೆ ಸಾಕು. ಮನೆಯಲ್ಲಿ ಒಮ್ಮೆ, ಎದುರಿನವರನ್ನು ಮೀಟಿಂಗಿನಷ್ಟೇ ದೂರದಲ್ಲಿ ಕೂರಿಸಿ, ಐದು ನಿಮಿಷ ಪ್ರಯೋಗ ಮಾಡಿ ಕೇಳಿ. ಮಾತು ಸ್ಪಷ್ಟವಾಗಿ ಕೇಳಿಸದ ರೆಕಾರ್ಡಿಂಗ್ ಎಷ್ಟೇ ನಿಜವಾಗಿದ್ದರೂ ಪ್ರಯೋಜನಕ್ಕಿಲ್ಲ. ನ್ಯಾಯಾಲಯಗಳು ನೋಡುವ ಷರತ್ತುಗಳಲ್ಲಿ ಇದೂ ಒಂದು.

ಬಾಗಿಲು ದಾಟುವ ಮುನ್ನವೇ ರೆಕಾರ್ಡ್ ಒತ್ತಿ, ಹೊರಗೆ ಬಂದ ಮೇಲೆ ನಿಲ್ಲಿಸಿ. ‘ಬನ್ನಿ, ಕೂತ್ಕೊಳ್ಳಿ’ ಎನ್ನುವುದರಿಂದ ‘ಆಯ್ತು, ಹೊರಡಿ’ ಎನ್ನುವವರೆಗೆ ಒಂದೇ ಫೈಲಿನಲ್ಲಿ ಇರಬೇಕು. ಮಾತಿನ ನಡುವೆ ಹೆಸರು ಹಿಡಿದು ಮಾತಾಡಿಸಿ, ಮೀಟಿಂಗಿನ ವಿಷಯವನ್ನು ಒಮ್ಮೆ ಕೇಳಿ: ‘ಸರ್, ಇವತ್ತು ಕರೆದದ್ದು ಯಾವ ವಿಷಯಕ್ಕೆ?’ ಯಾರ ದನಿ ಯಾವುದು ಎಂಬ ಜಗಳ ಇದರಿಂದಲೇ ಅರ್ಧ ಮುಗಿಯುತ್ತದೆ.

ಈಗ ಅತಿ ಹೆಚ್ಚು ಜನ ಎಡವುವ ಜಾಗ. ರೆಕಾರ್ಡ್ ಆಗುತ್ತಿರುವುದು ಅವರ ಮಾತು ಮಾತ್ರವಲ್ಲ, ನಿಮ್ಮದೂ. ಒಂದು ಕಾಲ್ಪನಿಕ ಮೀಟಿಂಗ್ ತೆಗೆದುಕೊಳ್ಳೋಣ, 24 ನಿಮಿಷದ್ದು. 3 ನಿಮಿಷ 40 ಸೆಕೆಂಡಿನಲ್ಲಿ ಎಚ್‌ಆರ್, ‘ಇವತ್ತು ಸಂಜೆ ಆರರೊಳಗೆ ರಾಜೀನಾಮೆ ಮೇಲ್ ಬರಬೇಕು, ಇಲ್ಲಾಂದ್ರೆ ನಾಳೆ ಟರ್ಮಿನೇಷನ್ ಲೆಟರ್’ ಎನ್ನುತ್ತಾರೆ. ಇದು ನಿಮ್ಮ ಪ್ರಕರಣದ ಬೆನ್ನೆಲುಬು. 11ನೇ ನಿಮಿಷದಲ್ಲಿ ನೀವು, ‘ಸರಿ ಕೊಡ್ತೀನಿ, ಎರಡು ತಿಂಗಳ ಸಂಬಳ ಕೊಡ್ತೀರಾ?’ ಎನ್ನುತ್ತೀರಿ. ಆ ಒಂದು ವಾಕ್ಯ ಹಿಡಿದು ಕಂಪನಿಯ ವಕೀಲರು, ಇದು ಬಲವಂತವಲ್ಲ, ಚೌಕಾಸಿ. ಉದ್ಯೋಗಿ ಲೆಕ್ಕಾಚಾರ ಹಾಕಿಯೇ ಹೊರಟಿದ್ದಾರೆ ಎಂದು ವಾದಿಸುತ್ತಾರೆ. ಅದೇ ಜಾಗದಲ್ಲಿ ನೀವು, ‘ನನಗೆ ರಾಜೀನಾಮೆ ಕೊಡುವ ಇಷ್ಟವಿಲ್ಲ. ಕೊಡದಿದ್ದರೆ ಏನಾಗುತ್ತದೆ? ಕಾರಣ ಬರೆದು ಕೊಡ್ತೀರಾ?’ ಎಂದು ಕೇಳಿದ್ದರೆ ಅವರ ಉತ್ತರ ಏನೇ ಬಂದರೂ ನಿಮಗೆ ಉಪಯೋಗ.

ಹಾಗೆಂದು ಅವರನ್ನು ಕೆಣಕಿ, ಸಿಟ್ಟು ಬರಿಸಿ, ಬೇಕಾದ ಮಾತು ಹೊರಡಿಸಲು ಹೋಗಬೇಡಿ. ಹತ್ತು ನಿಮಿಷ ನೀವೇ ಕಿರುಚಿ ಕೊನೆಗೆ ಅವರಿಂದ ಒಂದು ಬೈಗುಳ ಪಡೆದ ರೆಕಾರ್ಡಿಂಗನ್ನು ಕೇಳುವ ನ್ಯಾಯಾಧೀಶರು ಆ ಹತ್ತು ನಿಮಿಷವನ್ನೂ ಕೇಳುತ್ತಾರೆ.

‘ರೆಕಾರ್ಡ್ ಮಾಡ್ತಿದೀರಾ?’ ಎಂದು ನೇರವಾಗಿ ಕೇಳಿದರೆ? ಸುಳ್ಳು ಹೇಳಬೇಡಿ. ‘ಇಲ್ಲ’ ಎಂದು ನೀವು ಹೇಳಿದ ಸುಳ್ಳು ಅದೇ ಫೈಲಿನಲ್ಲಿ ನಿಮ್ಮದೇ ದನಿಯಲ್ಲಿ ಉಳಿಯುತ್ತದೆ. ಪಾಟಿಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ನಿಮ್ಮನ್ನು ಪ್ರಶ್ನಿಸುವಾಗ, ಮೊದಲು ನುಡಿಸುವುದು ಅದನ್ನೇ. ‘ಹೌದು, ನನ್ನ ನೆನಪಿಗಾಗಿ, ನಿಮಗೆ ಬೇಡವಾದರೆ ನಿಲ್ಲಿಸುತ್ತೇನೆ, ಆದರೆ ಇಲ್ಲಿ ಆದ ಮಾತನ್ನು ಬರೆದು ಕೊಡಿ’ ಎನ್ನಿ. ಫೋನ್ ಹೊರಗಿಡಿ ಎಂದರೆ ಇಟ್ಟುಬಿಡಿ. ಹಾಗೆ ಹೊರಗಿಡಿಸಿದರು ಎಂಬುದನ್ನೂ ಸಂಜೆಯ ಇಮೇಲಿನಲ್ಲಿ ಬರೆಯಿರಿ.

ಹಂತ 4: ಮೊದಲ ಒಂದು ಗಂಟೆ

ಮೀಟಿಂಗ್ ಮುಗಿದ ಮೇಲೆ ಸ್ನೇಹಿತರಿಗೆ ಕೇಳಿಸುವ ಆತುರ ಸಹಜ. ಆದರೆ ಫೈಲಿಗೆ ಅತಿ ಹೆಚ್ಚು ಹಾನಿಯಾಗುವುದು ಆಗಲೇ. ಮುಖ್ಯ ಭಾಗ ಮಾತ್ರ ಉಳಿಸಿ ಟ್ರಿಮ್ ಮಾಡಬೇಡಿ. ಕೆಲವು ಆ್ಯಪ್‌ಗಳು ಹಾಗೆ ಮಾಡಿದಾಗ ಮೂಲವನ್ನೇ ಅಳಿಸಿ ಅದರ ಜಾಗದಲ್ಲಿ ತುಂಡನ್ನು ಕೂರಿಸುತ್ತವೆ. ದನಿ ಏರಿಸುವ, ಗದ್ದಲ ತೆಗೆಯುವ ಕೆಲಸವನ್ನೂ ಮೂಲದ ಮೇಲೆ ಮಾಡಬೇಡಿ. ವಾಟ್ಸ್‌ಆ್ಯಪಿನಲ್ಲಿ ಆಡಿಯೊ ಆಗಿ ಕಳಿಸಿದರೆ ಹೆಸರು, ದಿನಾಂಕದ ವಿವರ ಬದಲಾಗುತ್ತದೆ, ಕೆಲವೊಮ್ಮೆ ಫೈಲೇ ಬೇರೆ ರೂಪಕ್ಕೆ ತಿರುಗುತ್ತದೆ. ಅದನ್ನು ಉಳಿಸಿ ಮೂಲ ಅಳಿಸಿದವರು ಆಮೇಲೆ ಕೈಕೈ ಹಿಸುಕಿಕೊಳ್ಳುತ್ತಾರೆ.

ಮಾಡಬೇಕಾದದ್ದು ಹೀಗೆ. ಕೇಬಲ್ ಹಾಕಿ ಫೈಲನ್ನು ನಿಮ್ಮ ಸ್ವಂತ ಕಂಪ್ಯೂಟರಿಗೆ ನಕಲು ಮಾಡಿ. ಮೂಲ ಫೋನಿನಲ್ಲೇ ಇರಲಿ. ನಂತರ ಆ ನಕಲಿನ ಹ್ಯಾಷ್ ತೆಗೆಯಿರಿ. ಹ್ಯಾಷ್ ಎಂದರೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ, ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲು. ಫೈಲಿನ ಬೆರಳಚ್ಚು ಎನ್ನಬಹುದು. ಒಂದು ಸೆಕೆಂಡಿನಷ್ಟು ಆಡಿಯೊ ಕತ್ತರಿಸಿದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಫೈಲಿನ ಹೆಸರನ್ನಷ್ಟೇ ಬದಲಿಸಿದರೆ ಬದಲಾಗುವುದಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಫೈಲ್ ಇರುವ ಫೋಲ್ಡರಿಗೆ ಹೋಗಿ ಇದನ್ನು ಬರೆಯಿರಿ:

```
certutil -hashfile "Recording_12.m4a" SHA256
```

ಮ್ಯಾಕ್ ಆದರೆ ಟರ್ಮಿನಲ್‌ನಲ್ಲಿ:

```
shasum -a 256 "Recording_12.m4a"
```

ಬಂದ 64 ಅಕ್ಷರಗಳ ಸಾಲನ್ನು ನಿಮ್ಮ ಖಾಸಗಿ ಇಮೇಲಿನಿಂದ ನಿಮಗೇ ಕಳಿಸಿಕೊಳ್ಳಿ. ಈ ಇಮೇಲ್ ಏಕೆಂದರೆ, ಹ್ಯಾಷ್ ತೋರಿಸುವುದು ‘ಇದನ್ನು ತೆಗೆದ ಮೇಲೆ ಫೈಲ್ ಬದಲಾಗಿಲ್ಲ’ ಎಂಬುದನ್ನು ಮಾತ್ರ. ಅದಕ್ಕೂ ಮುಂಚೆ ತಿದ್ದಿದ್ದರೆ ಅದು ಹೇಳುವುದಿಲ್ಲ. ಆದ್ದರಿಂದ ಮೀಟಿಂಗ್ ಮುಗಿದ ಒಂದು ಗಂಟೆಯಲ್ಲಿ ತೆಗೆದ ಹ್ಯಾಷ್‌ಗೆ ಬೆಲೆ ಹೆಚ್ಚು, ಆರು ತಿಂಗಳ ಮೇಲೆ ತೆಗೆದದ್ದಕ್ಕೆ ಕಡಿಮೆ. ಇಮೇಲಿನ ದಿನಾಂಕ, ಸಮಯವೇ ಆ ಒಂದು ಗಂಟೆಗೆ ಸಾಕ್ಷಿ.

ಇನ್ನೊಂದು ನಕಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬೇರೆ ಜಾಗದಲ್ಲಿಡಿ. ಫೋನಿನ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ: ಮಾರಬೇಡಿ, ರೀಸೆಟ್ ಮಾಡಬೇಡಿ, ಮಗುವಿನ ಆಟಕ್ಕೆ ಕೊಡಬೇಡಿ. ಹೊಸ ಫೋನ್ ಕೊಂಡರೆ ಹಳೆಯದನ್ನು ಸ್ವಿಚ್ ಆಫ್ ಮಾಡಿ ಇಡಿ. ಪೂರ್ತಿ ಖಾಲಿಯಾಗಿಯೋ ಪೂರ್ತಿ ತುಂಬಿಯೋ ಬಹುಕಾಲ ಇಟ್ಟರೆ ಬ್ಯಾಟರಿ ಕೆಡುತ್ತದೆ, ಕೆಲವು ತಿಂಗಳಿಗೊಮ್ಮೆ ಅರ್ಧದಷ್ಟು ಚಾರ್ಜ್ ಮಾಡಿ. ದಾವೆ ವರ್ಷಗಟ್ಟಲೆ ನಡೆಯಬಹುದು.

ಹಂತ 5: ಅದೇ ಸಂಜೆಯ ಇಮೇಲ್

ರೆಕಾರ್ಡಿಂಗಿಗಿಂತ ಇದೇ ಹೆಚ್ಚು ಕೆಲಸ ಮಾಡುವ ಸಂದರ್ಭಗಳು ಬೇಕಾದಷ್ಟಿವೆ, ಆದರೂ ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಮೀಟಿಂಗಿನಲ್ಲಿ ಆದದ್ದನ್ನು ಸಿಟ್ಟಿಲ್ಲದ ನಾಲ್ಕು ಸಾಲಿನಲ್ಲಿ ಬರೆದು ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಕಳಿಸಿ. ಲಾಗಿನ್ ಮುಚ್ಚಿದ್ದರೆ ಖಾಸಗಿ ಇಮೇಲಿನಿಂದಲೇ ಕಳಿಸಿ. ಕಚೇರಿಯಲ್ಲಿ ಯಾವ ಭಾಷೆಯಲ್ಲಿ ವ್ಯವಹಾರವೋ ಅದೇ ಭಾಷೆ ಇರಲಿ. ಧಾಟಿ ಹೀಗಿರಲಿ:

‘ಇಂದು ಮಧ್ಯಾಹ್ನ 3 ಗಂಟೆಯ ಮೀಟಿಂಗಿನಲ್ಲಿ, ಸಂಜೆ 6ರೊಳಗೆ ರಾಜೀನಾಮೆ ಕಳಿಸಬೇಕು, ಇಲ್ಲದಿದ್ದರೆ ನಾಳೆ ಸೇವೆಯಿಂದ ತೆಗೆಯಲಾಗುವುದು ಎಂದು ತಾವು ತಿಳಿಸಿದಿರಿ. ನಾನು ರಾಜೀನಾಮೆ ಕೊಡಲು ಇಚ್ಛಿಸುವುದಿಲ್ಲ. ನನ್ನ ಕೆಲಸದ ಬಗ್ಗೆ ದೂರಿದ್ದರೆ ದಯವಿಟ್ಟು ಲಿಖಿತವಾಗಿ ತಿಳಿಸಿ, ಉತ್ತರ ಕೊಡುತ್ತೇನೆ. ಇದರಲ್ಲಿ ತಪ್ಪಿದ್ದರೆ ತಿಳಿಸಿ.’

ರೆಕಾರ್ಡಿಂಗ್ ಇದೆ ಎಂದು ಇಲ್ಲಿ ಬರೆಯಬೇಡಿ. ಅವರ ಉತ್ತರಕ್ಕೆ ಕಾಯಿರಿ. ಉತ್ತರ ಬರದಿದ್ದರೆ ಆ ಮೌನವೇ ನಿಮ್ಮ ಪರ ಒಂದು ವಾದ. ‘ಯಾರೂ ನಿಮ್ಮನ್ನು ರಾಜೀನಾಮೆ ಕೇಳಿಲ್ಲ, ಕೆಲಸದ ಬಗ್ಗೆ ಮಾಮೂಲು ಚರ್ಚೆ ಆಯಿತಷ್ಟೆ’ ಎಂದು ಬರೆದರೆ ಇನ್ನೂ ಒಳ್ಳೆಯದು. ಆಗ ಆ 3 ನಿಮಿಷ 40 ಸೆಕೆಂಡಿನ ಮಾತು ಬೆದರಿಕೆಯನ್ನು ತೋರಿಸುವುದರ ಜತೆಗೆ, ಕಂಪನಿ ಬರವಣಿಗೆಯಲ್ಲೇ ಸುಳ್ಳು ಹೇಳಿದೆ ಎಂದೂ ತೋರಿಸುತ್ತದೆ.

ಒತ್ತಡಕ್ಕೆ ಮಣಿದು ರಾಜೀನಾಮೆ ಕಳಿಸಿಯೇಬಿಟ್ಟಿದ್ದರೆ, ಅಂಗೀಕಾರ ಆಗುವ ಮೊದಲೇ ಹಿಂಪಡೆಯುವ ಪತ್ರ ಕಳಿಸಿ, ಯಾವ ಸಂದರ್ಭದಲ್ಲಿ ಕೊಟ್ಟದ್ದು ಎಂದು ಅದರಲ್ಲಿ ಬರೆಯಿರಿ. ಅಂಗೀಕಾರವಾಗಿದ್ದರೂ ಮರುದಿನವೇ ಪ್ರತಿಭಟಿಸಿ ಬರೆಯಿರಿ. ಫೈನಲ್ ಸೆಟ್ಲ್‌ಮೆಂಟ್ ತೆಗೆದುಕೊಂಡು ಎಂಟು ತಿಂಗಳ ಮೇಲೆ ‘ಬಲವಂತ’ ಎಂದರೆ, ರೆಕಾರ್ಡಿಂಗ್ ಎಷ್ಟೇ ಸ್ಪಷ್ಟವಾಗಿದ್ದರೂ ‘ಇಷ್ಟು ದಿನ ಏಕೆ ಸುಮ್ಮನಿದ್ದಿರಿ?’ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಹಂತ 6: ಲಿಪ್ಯಂತರ

ಲಿಪ್ಯಂತರ ಎಂದರೆ ಆಡಿದ ಮಾತನ್ನು ಆಡಿದಂತೆಯೇ ಬರೆದಿಡುವುದು. ಎಡಗಡೆ ಸಮಯ, ಮಧ್ಯೆ ಯಾರು, ಬಲಗಡೆ ಮಾತು. 24 ನಿಮಿಷವನ್ನೂ ಬರೆಯಬೇಕು, ನಿಮಗೆ ಪ್ರತಿಕೂಲವಾದ 11ನೇ ನಿಮಿಷವನ್ನೂ ಸೇರಿಸಿ. ಮಾತು ಕನ್ನಡ, ಇಂಗ್ಲಿಷ್, ಹಿಂದಿ ಬೆರೆತಿದ್ದರೆ ಬೆರೆತಂತೆಯೇ ಬರೆಯಿರಿ, ಅನುವಾದವನ್ನು ಪ್ರತ್ಯೇಕ ಹಾಳೆಯಲ್ಲಿ ಕೊಡಿ. ಕೇಳಿಸದ ಕಡೆ ‘ಅಸ್ಪಷ್ಟ’ ಎಂದಷ್ಟೇ ಬರೆಯಿರಿ, ಊಹಿಸಿ ತುಂಬಬೇಡಿ. ತುಂಬಿದ ಒಂದು ಪದ ತಪ್ಪೆಂದು ತೋರಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಬೀಳುತ್ತದೆ.

ಹಂತ 7: ಎಲ್ಲಿ, ಹೇಗೆ ಹಾಜರುಪಡಿಸುವುದು

ಕಂಪನಿಯೊಳಗಿನ ವಿಚಾರಣೆಯಲ್ಲಿ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಅನ್ವಯಿಸುವುದಿಲ್ಲ. ಸಂಬಂಧಪಟ್ಟದ್ದನ್ನು ವಿಚಾರಣಾಧಿಕಾರಿ ತೆಗೆದುಕೊಳ್ಳಬಹುದು. ಕಾರ್ಮಿಕ ನ್ಯಾಯಾಲಯಗಳೂ ಈ ವಿಷಯದಲ್ಲಿ ಸಾಕಷ್ಟು ಸಡಿಲ. ಆದರೆ ಕಾರ್ಮಿಕ ಕಾನೂನಿನ ‘ಕಾರ್ಮಿಕ’ ವ್ಯಾಖ್ಯೆಯೊಳಗೆ ಬಾರದ ಮ್ಯಾನೇಜರ್ ದರ್ಜೆಯವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ನಿಯಮ ಪೂರ್ತಿ ಅನ್ವಯ. ಎಲ್ಲಿ ಹೋದರೂ ಕಟ್ಟುನಿಟ್ಟಿನ ನಿಯಮಕ್ಕೇ ತಯಾರಾಗಿ.

1 ಜುಲೈ 2024ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಇದರ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗಳಿಗೆ ಸಂಬಂಧಿಸಿದ್ದು. ಹಳೆಯ 65ಬಿ ಎಂದು ವಕೀಲರು ಇನ್ನೂ ಬಾಯಲ್ಲಿ ಕರೆಯುವುದು ಇದನ್ನೇ. ಪೆನ್‌ಡ್ರೈವಿನಲ್ಲಿ ನಕಲು ಕೊಡುವಾಗ ಈ ಕಲಮಿನ ಪ್ರಮಾಣಪತ್ರ ಜತೆಗಿರಬೇಕು. ಅದಕ್ಕೆ ಅಧಿನಿಯಮದ ಕೊನೆಯಲ್ಲೇ ನಮೂನೆ ಇದೆ, ಎರಡು ಭಾಗ. ‘ಎ’ ಭಾಗವನ್ನು ನೀವು ತುಂಬಬೇಕು: ಯಾವ ಸಾಧನ, ಅದರ ತಯಾರಕರು, ಮಾದರಿ, ಗುರುತಿನ ಸಂಖ್ಯೆ, ಅದು ನಿಮ್ಮ ಹತೋಟಿಯಲ್ಲಿತ್ತೇ, ಸರಿಯಾಗಿ ಕೆಲಸ ಮಾಡುತ್ತಿತ್ತೇ, ಫೈಲಿನ ಹ್ಯಾಷ್ ಏನು, ಯಾವ ವಿಧಾನದ್ದು. ಹಂತ 4ರಲ್ಲಿ ಮಾಡಿದ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಬಿ’ ಭಾಗವನ್ನು ತಜ್ಞರು ತುಂಬಿ ಸಹಿ ಹಾಕಬೇಕು. ‘ಎ’ ಭಾಗ ಮಾತ್ರ ಕೊಟ್ಟು, ‘ಬಿ’ ಮರೆತು ಆಕ್ಷೇಪಣೆಗೆ ಸಿಕ್ಕಿಬೀಳುವುದು ಹೊಸ ಕಾನೂನಿನ ನಂತರ ಕಾಣುವ ತಪ್ಪು. ಸೈಬರ್ ಫೊರೆನ್ಸಿಕ್ ತಜ್ಞರನ್ನು ವಕೀಲರ ಮೂಲಕ ಮೊದಲೇ ಗೊತ್ತುಮಾಡಿಕೊಳ್ಳಿ.

2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೂಲ ಸಾಧನವನ್ನೇ ಅದರ ಒಡೆಯರು ನ್ಯಾಯಾಲಯಕ್ಕೆ ತಂದು ಸಾಕ್ಷಿಕಟ್ಟೆಯಲ್ಲಿ ರುಜುವಾತುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ ಎಂದಿತ್ತು. ಅದು ಹಳೆಯ ಕಾಯ್ದೆಯಡಿ ಹೇಳಿದ್ದು. ಆದ್ದರಿಂದ ಫೋನೂ ಇರಲಿ, ಪ್ರಮಾಣಪತ್ರವೂ ಇರಲಿ. ಫೋನ್ ಮಾರಬೇಡಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಸಿವಿಲ್ ದಾವೆಯಾದರೆ ರೆಕಾರ್ಡಿಂಗ್, ಲಿಪ್ಯಂತರ, ಪ್ರಮಾಣಪತ್ರ ಮೂರನ್ನೂ ದಾವೆಯ ಜತೆಗೇ ಕೊಡಿ. ಸಿನಿಮಾದಲ್ಲಿ ತೋರಿಸುವಂತೆ ಕೊನೆಯ ದಿನ ಜೇಬಿನಿಂದ ತೆಗೆದು ಎಲ್ಲರನ್ನೂ ಬೆಚ್ಚಿಬೀಳಿಸುವ ಆಲೋಚನೆ ಬೇಡ. ತಡವಾಗಿ ತಂದ ದಾಖಲೆಗೆ ನ್ಯಾಯಾಲಯದ ಅನುಮತಿ ಬೇಕು, ಸಿಗದೇ ಹೋಗಬಹುದು. ಆಂತರಿಕ ಸಮಿತಿಗೆ ದೂರು ಕೊಡುವುದಾದರೆ ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಲಿಪ್ಯಂತರ ಮುಗಿಯಲಿ ಎಂದು ಈ ಅವಧಿ ದಾಟಿಸಬೇಡಿ.

ಸಾಕ್ಷಿಕಟ್ಟೆಯಲ್ಲಿ ನಿಮ್ಮನ್ನು ಕೇಳುವುದು ಹೆಚ್ಚಾಗಿ 1985ರ ರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯಲ್ಲೇ: ದನಿ ಯಾರದೆಂದು ಗುರುತಿಸಬಲ್ಲಿರಾ, ರೆಕಾರ್ಡಿಂಗ್ ನಿಖರವಾಗಿದೆಯೇ, ತಿದ್ದುವ ಸಾಧ್ಯತೆ ಇರಲಿಲ್ಲವೇ, ಯಾರ ವಶದಲ್ಲಿತ್ತು, ಸ್ಪಷ್ಟವಾಗಿ ಕೇಳಿಸುತ್ತದೆಯೇ, ವಿಷಯಕ್ಕೆ ಸಂಬಂಧಪಟ್ಟಿದೆಯೇ. ‘ಅದು ನನ್ನ ದನಿಯೇ ಅಲ್ಲ’ ಎಂದು ಮ್ಯಾನೇಜರ್ ನಿರಾಕರಿಸಿದರೆ, ಅವರ ದನಿಯನ್ನು ಬಲ್ಲ ಸಹೋದ್ಯೋಗಿ ಗುರುತಿಸಬಹುದು, ಇಲ್ಲವೇ ಫೊರೆನ್ಸಿಕ್ ಪ್ರಯೋಗಾಲಯದ ಹೋಲಿಕೆಗೆ ಕಳಿಸುವಂತೆ ನಿಮ್ಮ ವಕೀಲರು ಕೇಳಬಹುದು. ದನಿ ತಮ್ಮದೆಂದು ಒಪ್ಪಿ, ‘ಹಿಂದೆ ಮುಂದೆ ಕತ್ತರಿಸಿದ್ದಾರೆ’ ಎಂದರೆ ಮೂಲ ಫೋನ್ ಮತ್ತು ಮೊದಲ ದಿನದ ಹ್ಯಾಷ್ ಉತ್ತರ ಕೊಡುತ್ತವೆ.

ಇನ್ನು, ಇದನ್ನೆಲ್ಲ ಸರಿಯಾಗಿ ಮಾಡಿಯೂ ಹಾಳುಮಾಡಿಕೊಳ್ಳುವ ಎರಡು ದಾರಿಗಳು. ಮೊದಲನೆಯದು, ಕ್ಲಿಪ್ಪನ್ನು ಸಾಮಾಜಿಕ ಜಾಲತಾಣಕ್ಕೆ ಹಾಕುವುದು. ನ್ಯಾಯಾಲಯಕ್ಕೆ ಸಾಕ್ಷ್ಯ ಕೊಡುವುದಕ್ಕೆ ಇರುವ ರಕ್ಷಣೆ ಜಗತ್ತಿಗೆಲ್ಲ ಕೇಳಿಸುವುದಕ್ಕೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟದ ದೂರು, ಗೋಪ್ಯತೆ ಮುರಿದ ದಾವೆ ಎರಡಕ್ಕೂ ಬಾಗಿಲು ತೆರೆಯುತ್ತದೆ, ಅದರಲ್ಲೂ ರೆಕಾರ್ಡಿಂಗಿನಲ್ಲಿ ಗ್ರಾಹಕರ ಹೆಸರು, ಪ್ರಾಜೆಕ್ಟಿನ ವಿವರ ಬಂದಿದ್ದರೆ. ಎರಡನೆಯದು ಇನ್ನೂ ಕೆಟ್ಟದ್ದು. ‘ಆರು ತಿಂಗಳ ಸಂಬಳ ಕೊಡಿ, ಇಲ್ಲಾಂದ್ರೆ ಇದನ್ನು ವೈರಲ್ ಮಾಡ್ತೀನಿ’ ಎಂದು ಒಂದು ಸಂದೇಶ ಕಳಿಸಿದರೆ ಸಾಕು, ಅದನ್ನು 308ನೇ ಕಲಮಿನ ಸುಲಿಗೆ ಎಂದು ಪೊಲೀಸ್ ಠಾಣೆಗೆ ಒಯ್ಯಬಹುದು. ಬಾಕಿ ಹಣ ಕೇಳುವ ಹಕ್ಕು ನಿಮಗಿದೆ. ಅದನ್ನು ವಕೀಲರ ನೋಟಿಸಿನಲ್ಲಿ ಕೇಳಿ, ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗುತ್ತೇವೆ ಎಂದಷ್ಟೇ ಬರೆಯಿಸಿ. ರೆಕಾರ್ಡಿಂಗ್ ಇದೆ ಎಂಬುದನ್ನು ಆ ನೋಟಿಸಿನಲ್ಲೇ ಹೇಳಬೇಕೋ ದಾವೆಯವರೆಗೆ ತಡೆಯಬೇಕೋ ಎನ್ನುವುದನ್ನು ಪೂರ್ತಿ 24 ನಿಮಿಷ ಕೇಳಿದ ವಕೀಲರು ತೀರ್ಮಾನಿಸಲಿ. ಅವರಿಗೆ ತುಂಡು ಕ್ಲಿಪ್ ಕೇಳಿಸಬೇಡಿ.